ಮೂರು ವರ್ಷದ ಬಾಡಿಗೆ ಕರಾರು: ಸ್ಟಾಂಪ್ ಖರ್ಚು ಯಾರದು, ಸೈನ್ ಯಾವಾಗ?

ಪ್ರಶ್ನೆ: ಬಳ್ಳಾರಿಯಲ್ಲಿ ಒಂದು ಮನೆ ಒಪ್ಪಿದೀವಿ. ಬಾಡಿಗೆ 9,000, ಅಡ್ವಾನ್ಸ್ 50,000. ಓನರ್ ಮೂರು ವರ್ಷದ ಕರಾರು ಬೇಕು ಅಂತಾರೆ. ಸ್ಟಾಂಪು, ರಿಜಿಸ್ಟರ್ ಖರ್ಚೆಲ್ಲ ನಿಮ್ಮದೇ, ಸೈನ್ ಮಾತ್ರ ಮನೆಗೆ ಬಂದ ಮೇಲೆ ನಿಧಾನಕ್ಕೆ ಮಾಡೋಣ ಅಂತಾರೆ. ಒಪ್ಪಬಹುದಾ?

ಖರ್ಚಿನ ಮಾತಿಗೆ ಒಪ್ಪಬಹುದು, ಸ್ವಲ್ಪ ಚೌಕಾಸಿ ಮಾಡಿ. "ನಿಧಾನಕ್ಕೆ ಸೈನ್" ಅನ್ನೋದಕ್ಕೆ ಮಾತ್ರ ಒಪ್ಪಬೇಡಿ.

ಕರ್ನಾಟಕ ಸ್ಟಾಂಪ್ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ, ಬೇರೆ ಮಾತು ಆಗಿಲ್ಲದಿದ್ದರೆ ಬಾಡಿಗೆ ಕರಾರಿನ ಸ್ಟಾಂಪ್ ಹಣ ಬಾಡಿಗೆದಾರರೇ ಕೊಡಬೇಕು. ಓನರ್ ತಮಗೂ ಒಂದು ಸಹಿ ಮಾಡಿದ ಜೋಡಿ ಪ್ರತಿ ಬೇಕು ಅಂದರೆ ಅದರ ಸ್ಟಾಂಪ್ ಅವರದು. "ಬೇರೆ ಮಾತು ಆಗಿಲ್ಲದಿದ್ದರೆ" ಅಂತ ಇದೆಯಲ್ಲ, ನಿಮ್ಮ ಚೌಕಾಸಿಗೆ ಜಾಗ ಅಲ್ಲೇ.

ಮೊತ್ತ ಎಷ್ಟಾಗುತ್ತೆ ನೋಡಿ. ಒಂದು ವರ್ಷದ ಬಾಡಿಗೆ 1,08,000. ಅದಕ್ಕೆ ಅಡ್ವಾನ್ಸ್ ಸೇರಿಸಿದರೆ 1,58,000. ವಾಸದ ಮನೆಯ ಕರಾರು ಒಂದು ವರ್ಷದೊಳಗಿದ್ದರೆ ಇದರ ಮೇಲೆ ಅರ್ಧ ಪರ್ಸೆಂಟ್, ಅಂದರೆ 790. ಆದರೆ 500ಕ್ಕಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ. ಮೂರು ವರ್ಷ ಅಂದರೆ ಒಂದು ಪರ್ಸೆಂಟ್, 1,580 ಆಯ್ತು. ವರ್ಷ ವರ್ಷ ಬಾಡಿಗೆ ಏರಿಸೋ ಮಾತಿದ್ದರೆ ಸರಾಸರಿ ಹಿಡಿಯುತ್ತಾರೆ, ಇನ್ನೊಂಚೂರು ಏರುತ್ತದೆ. ರಿಜಿಸ್ಟ್ರೇಶನ್ ಫೀ ಬೇರೆ. ಅದನ್ನು ಹಣ ಕಟ್ಟೋ ಮುಂಚೆ ರಿಜಿಸ್ಟ್ರೇಶನ್ ಇಲಾಖೆಯ ಕಾವೇರಿ 2.0 ಪೋರ್ಟಲ್ಲೇ ತೋರಿಸುತ್ತದೆ. ಟೈಪಿಂಗ್, ಬರೆದುಕೊಡುವವರ ಚಾರ್ಜು, ಜೆರಾಕ್ಸ್ ಇವನ್ನೂ ಮಾತಿನಲ್ಲಿ ಸೇರಿಸಿ. ಜಗಳ ಹುಟ್ಟೋದು ಈ ಚಿಲ್ಲರೆಗೇ.

11 ತಿಂಗಳ ಕರಾರಾದರೆ ರಿಜಿಸ್ಟರ್ ಕಡ್ಡಾಯ ಅಲ್ಲ. ಎಲ್ಲರೂ 11 ತಿಂಗಳು ಅಂತ ಬರೆಸೋದು ಅದಕ್ಕೇ. ಒಂದು ವರ್ಷ ದಾಟಿದರೆ ರಿಜಿಸ್ಟರ್ ಮಾಡಿಸಲೇಬೇಕು. ಮಾಡಿಸದಿದ್ದರೆ ಮೂರು ವರ್ಷ ಅನ್ನೋ ಮಾತಿಗೆ ಕೋರ್ಟಲ್ಲಿ ಬೆಲೆ ಇಲ್ಲ, ಸಾಮಾನ್ಯವಾಗಿ ತಿಂಗಳ ಬಾಡಿಗೆ ಅಂತಲೇ ನೋಡುತ್ತಾರೆ. ಆಗ 15 ದಿನದ ನೋಟಿಸ್ ಕೊಟ್ಟು ಬಿಡಿಸಬಹುದು. ಹಾಗಾಗಿ ಓನರ್‌ಗೆ ಹೀಗೆ ಹೇಳಿ ನೋಡಿ: "ಸರ್, ಮೂರು ವರ್ಷ ಬೇಕು ಅಂದಿದ್ದು ನೀವು. ಸ್ಟಾಂಪ್ ನಾನು ಕೊಡ್ತೀನಿ, ರಿಜಿಸ್ಟ್ರೇಶನ್ ಅರ್ಧ ಅರ್ಧ ಮಾಡೋಣ." ನನ್ನ ಪ್ರಕಾರ ನ್ಯಾಯ ಇದೇ. ಅದಕ್ಕೂ ಒಲ್ಲೆ ಅಂದರೆ 11 ತಿಂಗಳಿಗೇ ಬರೆಸಿ.

ಈಗ ಸೈನ್ ವಿಷಯ. ಇದರಲ್ಲಿ ನಾನೇ ಸಿಕ್ಕಿಹಾಕಿಕೊಂಡಿದ್ದೆ. ಗಾಂಧಿನಗರದ ಕಡೆ ಮನೆ ಹಿಡಿದಿದ್ದೆವು. ಪೂರ್ತಿ ಅಡ್ವಾನ್ಸ್ ಕೈಗೆ ಕೊಟ್ಟು, ಜೂನ್ 1ಕ್ಕೆ ಸಾಮಾನು ಇಳಿಸಿದೆವು. ಓನರ್ ದಿನಾ "ನಾಳೆ ನೋಡೋಣ ಬಿಡ್ರಿ" ಅನ್ನೋರು. ಜುಲೈ ಅರ್ಧ ಕಳೆದ ಮೇಲೆ ಕರಾರು ಆಯ್ತು. ಬರೆದುಕೊಟ್ಟವರು ಮೇಲೆ "ಜೂನ್ 1ರಂದು ಬರೆದುಕೊಟ್ಟ ಕರಾರು" ಅಂತ ಹಾಕಿಬಿಟ್ಟರು. ಇ-ಸ್ಟಾಂಪ್ ಮೇಲೆ ಮಾತ್ರ ಜುಲೈ ತಾರೀಖು! ಅಡ್ರೆಸ್ ಪ್ರೂಫ್‌ಗೆ ಬ್ಯಾಂಕಿಗೆ ಕೊಟ್ಟರೆ, ಕೌಂಟರ್‌ನಲ್ಲಿದ್ದವರು ಎರಡೂ ತಾರೀಖಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು ವಾಪಸ್ ಕೊಟ್ಟರು. ಮತ್ತೆ ಸ್ಟಾಂಪ್ ಖರ್ಚು, ಅದೂ ನನ್ನ ಜೇಬಿಂದ.

ಸ್ಟಾಂಪ್ ಹಣ ಸೈನ್‌ಗೆ ಮುಂಚೆ ಅಥವಾ ಸೈನ್ ಹೊತ್ತಿಗೆ ಕಟ್ಟಿರಬೇಕು ಅನ್ನೋದು ಕಾಯ್ದೆಯ ಮಾತು. ಹಾಗಾಗಿ ಮೇಲೆ ಸೈನ್ ಮಾಡಿದ ನಿಜವಾದ ದಿನವನ್ನೇ ಹಾಕಿಸಿ. ಒಳಗೆ ಬೇರೆ ಸಾಲಿನಲ್ಲಿ "ಬಾಡಿಗೆ ಇಂಥ ದಿನದಿಂದ ಶುರು" ಅಂತ ಬರೆಸಿ. ಸೈನ್ ತಾರೀಖು, ಬಾಡಿಗೆ ಶುರುವಾದ ತಾರೀಖು ಬೇರೆ ಬೇರೆ ಇದ್ದರೆ ಏನೂ ತೊಂದರೆ ಇಲ್ಲ.

ಇ-ಸ್ಟಾಂಪ್ ಕೈಗೆ ಬಂದ ತಕ್ಷಣ ಮೂರು ಕಡೆ ಕಣ್ಣಾಡಿಸಿ: `First Party`, `Second Party`, `Stamp Duty Paid By`. ಹೆಸರು ಆಧಾರ್‌ನಲ್ಲಿ ಇದ್ದ ಹಾಗೆ ಇರಲಿ. ಕೊನೆಯದರಲ್ಲಿ ದುಡ್ಡು ಕೊಟ್ಟವರ ಹೆಸರೇ ಇರಲಿ. `Stamp Duty Amount` ಕೂಡ ನೋಡಿ. ಸುಮ್ನೆ 100 ರೂಪಾಯಿಯ ಸ್ಟಾಂಪ್ ಸಾಕು ಅನ್ನೋರು ಬಹಳ ಜನ ಇದ್ದಾರೆ. 500 ಆಗಬೇಕಾದ ಕಡೆ 100 ಇದ್ದರೆ, ಅಡ್ವಾನ್ಸ್ ವಾಪಸ್ ಬರದೆ ಕೋರ್ಟಿಗೆ ಹೋದ ದಿನ ಕಡಿಮೆ ಬಿದ್ದ 400 ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕಾಗುತ್ತದೆ.

ನಾನಾದರೆ ಈಗ 5,000 ಟೋಕನ್ ಮಾತ್ರ ಕೊಡುತ್ತೇನೆ, ಅದೂ ಯುಪಿಐನಲ್ಲಿ. ಖರ್ಚು ಯಾರದೆಷ್ಟು, ಸೈನ್ ಯಾವ ದಿನ ಅಂತ ಓನರ್‌ಗೆ ವಾಟ್ಸಾಪ್ ಹಾಕಿ "ಸರಿ" ಅನ್ನಿಸಿಕೊಳ್ಳುತ್ತೇನೆ. ಇಬ್ಬರು ಸಾಕ್ಷಿಗಳ ಜೊತೆ ಸೈನ್ ಆದ ದಿನವೇ ಉಳಿದ 45,000 ಕೊಟ್ಟು ಕೀಲಿ ಇಸ್ಕೊಳ್ಳೋದು. ರಿಜಿಸ್ಟರ್‌ಗೆ ಸೈನ್ ಆದ ಮೇಲೆ ನಾಲ್ಕು ತಿಂಗಳು ಟೈಮ್ ಇದೆ. ಆದರೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಓನರ್ ಕೂಡ ಬರಬೇಕು, ಫೋಟೋ, ಬೆರಳಚ್ಚು ಎಲ್ಲ ಇರುತ್ತೆ. ಅವರು ಹೊರಗಿನ ಊರಲ್ಲಿದ್ದರೆ ಬರೋ ದಿನ ಕೇಳಿಕೊಂಡು ಸ್ಲಾಟ್ ಬುಕ್ ಮಾಡಿ.