‘ತೃಪ್ತಿಕರವಾಗಿಲ್ಲ’ ಅಂದರೆ ಏನು ಸ್ವಾಮಿ?

“ನಮ್ಮ ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗಿಯ ಆರು ತಿಂಗಳ ಪ್ರೊಬೇಷನ್ ಆಗಸ್ಟ್ 2ಕ್ಕೆ ಮುಗಿಯುತ್ತದೆ. ಬಿಲ್ ಎಂಟ್ರಿಯಲ್ಲಿ ತಪ್ಪು ಜಾಸ್ತಿ. ‘ಕೆಲಸ ತೃಪ್ತಿಕರವಾಗಿಲ್ಲ, ಮುಂದಿನ ಆದೇಶದವರೆಗೆ ವಿಸ್ತರಿಸಲಾಗಿದೆ’ ಎಂದು ಎರಡು ಸಾಲು ಬರೆದರೆ ಸಾಕು ಅಂತಾರೆ ಯಜಮಾನರು. ತಪ್ಪುಗಳನ್ನೆಲ್ಲ ಬರೆದರೆ ಅವಳಿಗೆ ನೋವಾಗುವುದಿಲ್ಲವೇ?”
– ಓದುಗರೊಬ್ಬರು, ಹುಬ್ಬಳ್ಳಿ

ಉದ್ದ ಪತ್ರದಲ್ಲಿ ಸಿಟ್ಟು ನುಸುಳುತ್ತದೆ ಎನ್ನುವುದು ನಿಜ. ಯಜಮಾನರ ಪರವಾಗಿ ಇಷ್ಟು ಹೇಳಬಹುದು.

ಆ ಎರಡು ಸಾಲು ನನಗೂ ಒಮ್ಮೆ ಬಂದಿತ್ತು. ಆಗ ಕರಡು ತಿದ್ದುವ ಕೆಲಸ. ಒತ್ತಕ್ಷರ ಬಿಟ್ಟೆನೇ, ತಡವಾಗಿ ಬಂದೆನೇ? ಎರಡನ್ನೂ ಸರಿಮಾಡಿಕೊಂಡೆ. ನಾಲ್ಕು ತಿಂಗಳ ಮೇಲೆ ಗೊತ್ತಾಯಿತು, ನಾನು ಪುಟಸಂಖ್ಯೆ ನೋಡುವುದಿಲ್ಲ ಎನ್ನುವುದು ಅವರ ದೂರು! ನೋವು ಯಾವುದರಿಂದ ಆಗುತ್ತದೆ, ನೀವೇ ಹೇಳಿ.

ಹಾಗಾಗಿ ಎಣಿಸಿ ಬರೆಯಿರಿ. ‘ಜೂನ್‌ನಲ್ಲಿ ನಮೂದಿಸಿದ 120 ಖರೀದಿ ಬಿಲ್‌ಗಳಲ್ಲಿ 14ರಲ್ಲಿ ಜಿಎಸ್‌ಟಿ ನಂಬರ್ ತಪ್ಪು, ತಿಂಗಳಿಗೆ ಮೂರಕ್ಕಿಂತ ಹೆಚ್ಚಾಗಬಾರದು.’ ಹೀಗೆ ಎರಡೋ ಮೂರೋ ಸಾಕು. ‘ಗಮನ ಕಡಿಮೆ’, ‘ಉತ್ಸಾಹ ಇಲ್ಲ’ ಬೇಡ. ಅದನ್ನು ಅಳೆಯುವುದು ಹೇಗೆ? ನೆರವೂ ಹಾಗೇ ಇರಲಿ. ‘ಅಗತ್ಯ ಸಹಕಾರ ನೀಡಲಾಗುವುದು’ ಅಂದರೆ ಯಾರೂ ನೀಡುವುದಿಲ್ಲ. ‘ಪ್ರತಿ ಸೋಮವಾರ ಅರ್ಧ ಗಂಟೆ ಹಿರಿಯ ಅಕೌಂಟೆಂಟ್ ಜೊತೆ ಕೂತು ಹಿಂದಿನ ವಾರದ ಬಿಲ್ ನೋಡುವುದು’ ಅನ್ನಿ. ಆ ಸೋಮವಾರಗಳು ತಪ್ಪಿದರೆ ಅದು ಅವಳ ತಪ್ಪಲ್ಲ. ಅದಕ್ಕೇ ಯಜಮಾನರಿಗೆ ಎರಡು ಸಾಲು ಇಷ್ಟ ಅಂತ ನನ್ನ ಗುಮಾನಿ.

ಇನ್ನು ‘ಮುಂದಿನ ಆದೇಶದವರೆಗೆ’. ನಮ್ಮ ಕಚೇರಿಗಳ ಹಳೇ ಚಟ ಇದು, ‘ಪರಿಶೀಲನೆಯಲ್ಲಿದೆ’ ಎನ್ನುವುದರ ಅಣ್ಣ. ರೇಷನ್ ಕಾರ್ಡಿಗೆ ಅಲೆದವರಿಗೆಲ್ಲ ಇವರಿಬ್ಬರೂ ಗೊತ್ತು. ಯಾರ ಕೈಗೂ ಸಿಗಬಾರದು ಅಂತಲೇ ಬರೆಯುವ ಕನ್ನಡ! ನೀವು ‘ಅಕ್ಟೋಬರ್ 31, ಬೆಳಿಗ್ಗೆ 11’ ಎಂದು ಬರೆಯಿರಿ. ಮರುದಿನ ರಾಜ್ಯೋತ್ಸವ, ಆಮೇಲೆ ನೆವಗಳು ಸಿಗುತ್ತವೆ. ಅಂದು ಕಾಯಂ ಮಾಡುತ್ತೀರೋ ಕಳಿಸುತ್ತೀರೋ, ಯಾವ ಲೆಕ್ಕದ ಮೇಲೆ ಅನ್ನುವುದೂ ಇರಲಿ.

ಇದು ಬರೀ ಸೌಜನ್ಯದ ಮಾತಲ್ಲ. 1989ರಲ್ಲಿ ಡಾ. ಸುಮತಿ ಶೇರೆ ಎಂಬ ತಾತ್ಕಾಲಿಕ ವೈದ್ಯೆಯ ಪ್ರಕರಣದಲ್ಲಿ, ಕೊರತೆಯನ್ನು ಸಕಾಲಕ್ಕೆ ತಿಳಿಸದೆ ಕೆಲಸದಿಂದ ತೆಗೆಯುವುದು ಸರಿಯಲ್ಲ ಎಂದಿತು ಸುಪ್ರೀಂ ಕೋರ್ಟ್. ಅದು ಸರ್ಕಾರಿ ನೌಕರಿ, ಒಪ್ಪಿದೆ. ನಿಮ್ಮಲ್ಲಿ ನೇಮಕಾತಿ ಪತ್ರವನ್ನು ಮೊದಲು ತೆಗೆದು ನೋಡಿ: ವಿಸ್ತರಿಸಬಹುದು ಅಂತ ಇದೆಯೇ, ಎಷ್ಟು ತಿಂಗಳವರೆಗೆ?

ಪತ್ರ ಆಗಸ್ಟ್ 2 ದಾಟಬಾರದು. ಕೈಗೆ ಕೊಟ್ಟು, ಕೂರಿಸಿ ಮಾತಾಡಿ. ಇನ್ನೊಂದು ಪ್ರತಿಯಲ್ಲಿ ‘ತಲುಪಿದೆ’ ಎಂದಷ್ಟೇ ಸಹಿ ಕೇಳಿ, ‘ಒಪ್ಪಿದ್ದೇನೆ’ ಎಂದಲ್ಲ. ಕೆಳಗೆ ಅವಳ ಮಾತಿಗೂ ನಾಲ್ಕು ಗೆರೆ ಜಾಗ ಬಿಡಿ. ಹಿರಿಯ ಅಕೌಂಟೆಂಟ್ ಕೊಟ್ಟ ಪಟ್ಟಿಯಲ್ಲೇ ನಂಬರ್ ತಪ್ಪಿತ್ತು ಅಂತ ಅಲ್ಲಿ ಬಂದರೂ ಬರಬಹುದು.