ಐದು ಲಕ್ಷ ಸಾಲುಗಳ ರೆಸ್ಯೂಮೆ

ಡೇಟಾ ವಿಶ್ಲೇಷಕರ ಕೆಲಸ ಹುಡುಕುತ್ತ ವೃತ್ತಿ ಸಲಹೆಗೆ ನನ್ನ ಬಳಿ ಬರುವವರ ರೆಸ್ಯೂಮೆಗಳಲ್ಲಿ ಒಂದು ವಾಕ್ಯ ಹೆಚ್ಚುಕಡಿಮೆ ಒಂದೇ ರೂಪದಲ್ಲಿರುತ್ತದೆ. ಇಂತಿಂಥ ಟೂಲ್ ಬಳಸಿ, ಇಷ್ಟು ಲಕ್ಷ ಸಾಲು ಡೇಟಾ ವಿಶ್ಲೇಷಿಸಿ, ಆದಾಯವನ್ನು ಶೇಕಡಾ ಇಷ್ಟು ಹೆಚ್ಚಿಸಿದೆ. ಟೂಲ್, ಡೇಟಾದ ಗಾತ್ರ, ವ್ಯವಹಾರದ ನಿರ್ಧಾರ ಈ ಮೂರೂ ಇರಬೇಕು ಎಂದು ಇವರಿಗೆಲ್ಲ ಯಾರೋ ಹೇಳಿಕೊಟ್ಟಿರುತ್ತಾರೆ. ಹೇಳಿದ್ದು ಸರಿಯೇ. ಆದರೆ ಆ ಮೂರು ಖಾನೆಗಳನ್ನು ತುಂಬುವ ಭರದಲ್ಲಿ ಜನ ಏನೇನು ಬರೆಯುತ್ತಾರೆ ಎಂಬುದು ನನ್ನನ್ನು ಕಾಡುತ್ತಲೇ ಇದೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಹೆಸರನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ.

ರೇಖಾ ಎಂದಿಟ್ಟುಕೊಳ್ಳೋಣ. ಕೆಲವು ವರ್ಷ ಒಂದು ಆನ್‌ಲೈನ್ ಮಾರಾಟ ಕಂಪನಿಯ ಗ್ರಾಹಕ ಸೇವಾ ವಿಭಾಗದಲ್ಲಿದ್ದವರು, ಸಂಜೆ ಹೊತ್ತು ಕೋರ್ಸ್ ಮಾಡಿ ಪೈಥಾನ್, ಎಸ್‌ಕ್ಯೂಎಲ್ ಕಲಿತವರು. ಅವರ ರೆಸ್ಯೂಮೆಯ ಮೇಲ್ಭಾಗದಲ್ಲಿ ಹೀಗಿತ್ತು: "ಪೈಥಾನ್, ಸ್ಪಾರ್ಕ್, ಟ್ಯಾಬ್ಲೋ ಬಳಸಿ 5.4 ಲಕ್ಷ ಗ್ರಾಹಕ ದಾಖಲೆಗಳ ವಿಶ್ಲೇಷಣೆ. ಡಿಸೆಂಬರ್ ಮಾರಾಟ ಕುಸಿತ ಪತ್ತೆ. ವಿಐಪಿ ಗ್ರಾಹಕರಿಗೆ ರಿಯಾಯಿತಿ ಯೋಜನೆ. ಆದಾಯ 18% ಏರಿಕೆ." ಒಂದು ಸಂದರ್ಶನದಲ್ಲಿ ಎದುರಿಗಿದ್ದವರು, ಆ ರಿಯಾಯಿತಿ ಕೊಡಲು ಒಪ್ಪಿದ್ದು ಯಾರು, ಎಷ್ಟು ಗ್ರಾಹಕರಿಗೆ ಕೊಟ್ಟಿರಿ ಎಂದು ಸಹಜವಾಗಿ ಕೇಳಿದ್ದಾರೆ. ಇವರ ಬಾಯಿ ಕಟ್ಟಿಹೋಗಿದೆ. ನನ್ನ ಬಳಿ ಬಂದದ್ದು ಆತ್ಮವಿಶ್ವಾಸ ಹೆಚ್ಚಿಸಿಕೊಳ್ಳಲು. ಮಾತನಾಡುವಾಗ ತಡವರಿಸುತ್ತೇನೆ, ಅದಕ್ಕೇನಾದರೂ ಅಭ್ಯಾಸ ಹೇಳಿ ಎಂದರು.

ನಾನು ಅಭ್ಯಾಸ ಹೇಳಲಿಲ್ಲ. ಲ್ಯಾಪ್‌ಟಾಪ್ ತೆರೆಯಲು ಹೇಳಿದೆ.

ಡೇಟಾ ನನಗೆ ಗೊತ್ತಿದ್ದದ್ದೇ. ಯುಸಿಐ ಎಂಬ ಸಾರ್ವಜನಿಕ ಸಂಗ್ರಹದಲ್ಲಿರುವ ಆನ್‌ಲೈನ್ ರಿಟೇಲ್ ಡೇಟಾ, ಬ್ರಿಟನ್ನಿನ ಒಂದು ಉಡುಗೊರೆ ವ್ಯಾಪಾರದ 2010ರ ಡಿಸೆಂಬರ್ 1ರಿಂದ 2011ರ ಡಿಸೆಂಬರ್ 9ರವರೆಗಿನ ಬಿಲ್‌ಗಳು. ಗ್ರಾಹಕರನ್ನು ಗುಂಪು ಮಾಡುವುದನ್ನು ಕಲಿಯುವವರಲ್ಲಿ ಬಹಳ ಮಂದಿ ಇದನ್ನೇ ಹಿಡಿದು ಕಲಿಯುತ್ತಾರೆ, ಆದ್ದರಿಂದ ಸಂದರ್ಶನ ಮಾಡುವವರ ಕಣ್ಣಿಗೂ ಇದು ಬಿದ್ದೇ ಇರುತ್ತದೆ. ನಾನು ಒಂದೇ ಪ್ರಶ್ನೆ ಕೇಳಿದೆ.

"ಇದರಲ್ಲಿ ಒಂದು ಸಾಲು ಅಂದರೆ ಏನು?"

"ಒಬ್ಬ ಗ್ರಾಹಕ, ಮೇಡಂ."

"ನೋಡಿ ಹೇಳಿ."

ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ, ಬಿಲ್ಲಿನೊಳಗಿನ ಒಂದು ಸಾಮಾನು" ಎಂದರು. ಒಬ್ಬರು ಒಂದೇ ಸಲ ಇಪ್ಪತ್ತು ಬಗೆಯ ವಸ್ತು ಕೊಂಡರೆ ಇಪ್ಪತ್ತು ಸಾಲು. ಹಾಗಾದರೆ ಎಣಿಸೋಣ ಎಂದು ಇಷ್ಟನ್ನು ಓಡಿಸಿದೆವು:

```python
len(df)                        # 541909
df["InvoiceNo"].nunique()      # 25900
df["CustomerID"].isna().sum()  # 135080
df["CustomerID"].nunique()     # 4372
df["InvoiceDate"].max()        # 2011-12-09 12:50:00
```

ಈ ಐದು ಸಾಲು ಆ ದಿನದ ಇಡೀ ಭೇಟಿಯನ್ನು ತಿರುಗಿಸಿಬಿಟ್ಟಿತು. 5.4 ಲಕ್ಷ ಎಂಬುದು ಸುಳ್ಳಲ್ಲ. ಆದರೆ ಇವರ ಯೋಜನೆ ಇದ್ದದ್ದು ಗ್ರಾಹಕರ ಬಗ್ಗೆ, ಯಾರಿಗೆ ರಿಯಾಯಿತಿ ಕೊಡಬೇಕು ಎಂಬುದರ ಬಗ್ಗೆ. ಆ ಪ್ರಶ್ನೆಗೆ ಡೇಟಾದ ಗಾತ್ರ 4,372, ಅದೂ ಆದೇಶ ರದ್ದು ಮಾಡಿದ ಬಿಲ್‌ಗಳು ಮಾತ್ರ ಇರುವವರನ್ನು ಸೇರಿಸಿ. ಸಾಲುಗಳಲ್ಲಿ ಕಾಲು ಭಾಗಕ್ಕೆ ಗ್ರಾಹಕರ ಸಂಖ್ಯೆಯೇ ಇಲ್ಲ, ಅವು ಈ ಪ್ರಶ್ನೆಗೆ ಕೆಲಸಕ್ಕೇ ಬಾರವು. ನಿರ್ಧಾರ ಯಾವುದರ ಮೇಲೋ ಅದನ್ನೇ ಎಣಿಸಿ ಗಾತ್ರ ಹೇಳಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೆ. ಗ್ರಾಹಕರ ಬಗ್ಗೆ ನಿರ್ಧಾರವಾದರೆ ಗ್ರಾಹಕರ ಲೆಕ್ಕ, ದಾಸ್ತಾನಿನ ಬಗ್ಗೆಯಾದರೆ ವಸ್ತುಗಳ ಲೆಕ್ಕ, ಹಬ್ಬದ ಕಾಲದ ಮಾರಾಟವಾದರೆ ಎಷ್ಟು ವರ್ಷ ಎಂಬ ಲೆಕ್ಕ. ಆ ಕೊನೆಯ ಅಳತೆಯಲ್ಲಿ ಇಲ್ಲಿರುವುದು ಹೆಚ್ಚುಕಡಿಮೆ ಒಂದೇ ಒಂದು.

ಸ್ಪಾರ್ಕ್ ಯಾಕೆ ಎಂದು ಕೇಳಿದೆ. ಎಕ್ಸೆಲ್‌ನ ಒಂದು ಹಾಳೆಯಲ್ಲಿ 10,48,576 ಸಾಲು ಹಿಡಿಯುತ್ತದೆ, ಈ ಡೇಟಾ ಅದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಒಂದೇ ಯಂತ್ರಕ್ಕೆ ಹಿಡಿಸದ ಡೇಟಾವನ್ನು ಹಲವು ಯಂತ್ರಗಳಿಗೆ ಹಂಚುವ ಟೂಲ್ ಇಲ್ಲಿ ಮಾಡುವ ಕೆಲಸ ಏನೂ ಇಲ್ಲ. "ಕಲಿತಿದ್ದೆ, ಹಾಕಿದೆ" ಎಂದರು. ಪ್ರಾಮಾಣಿಕ ಉತ್ತರ. ಆದರೆ ಅನುಭವಿ ಓದುಗನಿಗೆ ಅದು ಕಲಿತದ್ದನ್ನು ತೋರಿಸುವುದಿಲ್ಲ, ಟೂಲ್ ಆರಿಸಲು ಬಾರದ್ದನ್ನು ತೋರಿಸುತ್ತದೆ.

ಆಮೇಲೆ ಡಿಸೆಂಬರ್ ಕುಸಿತಕ್ಕೆ ಬಂದೆವು. ಅವರ ಗ್ರಾಫಿನಲ್ಲಿ 2011ರ ನವೆಂಬರ್ ಸುಮಾರು 14.6 ಲಕ್ಷ ಪೌಂಡ್, ಡಿಸೆಂಬರ್ ಥಟ್ಟನೆ ಕೆಳಗೆ. ಮೇಲಿನ ಕೋಡಿನ ಕೊನೆಯ ಸಾಲನ್ನು ಅವರೇ ಮತ್ತೊಮ್ಮೆ ಓದಿ ತಲೆ ಹಿಡಿದುಕೊಂಡರು. ಡಿಸೆಂಬರ್‌ನಲ್ಲಿ ಇರುವುದೇ ಒಂಬತ್ತು ದಿನಗಳ ಡೇಟಾ. ಮಾರಾಟ ಕುಸಿದಿರಲಿಲ್ಲ, ಡೇಟಾ ಮುಗಿದಿತ್ತು. ಇಲ್ಲದ ಕುಸಿತವನ್ನು ತಡೆಯಲು ರಿಯಾಯಿತಿ ಯೋಜನೆ ಹಾಕಿದ್ದರು.

ವಿಐಪಿ ಪಟ್ಟಿಯಲ್ಲಿ ಇನ್ನೂ ಒಂದು ತಪ್ಪು ಇತ್ತು. ಆ ಒಂಬತ್ತನೇ ತಾರೀಕು 16446 ಸಂಖ್ಯೆಯ ಗ್ರಾಹಕರು ಕಾಗದದ ಪುಟ್ಟ ಹಕ್ಕಿ 80,995 ಬೇಕೆಂದು ಆದೇಶ ಕೊಟ್ಟಿದ್ದಾರೆ. ತಲಾ 2.08 ಪೌಂಡ್, ಒಟ್ಟು 1,68,469.60 ಪೌಂಡ್. ಕೆಲವೇ ನಿಮಿಷಗಳಲ್ಲಿ ಅದು ಪೂರ್ತಿ ರದ್ದಾಗಿದೆ. ರದ್ದತಿಯ ಬಿಲ್ ಸಂಖ್ಯೆ `C` ಅಕ್ಷರದಿಂದ ಶುರುವಾಗುತ್ತದೆ. ಹೆಚ್ಚಿನವರು ಮಾಡುವಂತೆ ರೇಖಾ ಕೂಡ `C` ಸಾಲುಗಳನ್ನು ಅಳಿಸಿ ಡೇಟಾ ಶುದ್ಧವಾಯಿತು ಎಂದುಕೊಂಡಿದ್ದರು. ರದ್ದತಿ ಹೋಯಿತು, ರದ್ದಾದ ಆದೇಶ ಮಾತ್ರ ಉಳಿಯಿತು. ವರ್ಷವಿಡೀ ಲೆಕ್ಕ ಹಾಕಿದರೆ ಈ ಗ್ರಾಹಕರು ನಿಜವಾಗಿ ಕೊಂಡದ್ದು 2.90 ಪೌಂಡಿನ ಸಾಮಾನು. ಇವರ ಪಟ್ಟಿಯಲ್ಲಿ ಅವರು ವಿಐಪಿ.

"ಹಾಗಾದರೆ 18%?" ಎಂದೆ. ಇಷ್ಟು ಗ್ರಾಹಕರು ಮರಳಿ ಬಂದರೆ ಎಂಬ ಊಹೆಯಿಂದ ಹಾಕಿದ ಲೆಕ್ಕ ಅದು. ಹಾಗೆಂದು ತಮ್ಮ ನೋಟ್‌ಬುಕ್‌ನಲ್ಲಿ ಬರೆದೂ ಇದ್ದರು. ರೆಸ್ಯೂಮೆಗೆ ಬರುವಷ್ಟರಲ್ಲಿ "ಬಂದರೆ" ಬಿಟ್ಟುಹೋಗಿತ್ತು.

ಅವರಿಗೆ ನಿಜಕ್ಕೂ ಬೇಸರವಾಯಿತು. "ನಾನೇನು ಮಾಡಲಿ ಮೇಡಂ, ಯಾವ ಕಂಪನಿಯೂ ನನಗೆ ನಿರ್ಧಾರ ಮಾಡಿಸುವಂಥ ಡೇಟಾ ಕೊಟ್ಟಿಲ್ಲ" ಎಂದರು. ಗ್ರಾಹಕ ಸೇವೆಯಲ್ಲಿದ್ದಾಗ ಏನನ್ನೂ ಎಣಿಸಲಿಲ್ಲವೇ ಎಂದು ಕೇಳಿದೆ. ಎಣಿಸಿದ್ದರು. ನಾಲ್ಕು ತಿಂಗಳ ಕರೆ ಟಿಪ್ಪಣಿಗಳು, ಸುಮಾರು 3,000 ಸಾಲು, ಎಕ್ಸೆಲ್‌ನಲ್ಲಿ. ಒಂದೇ ಆದೇಶಕ್ಕೆ ಎರಡನೇ ಸಲ ಕರೆ ಮಾಡುವವರು ಯಾಕೆ ಮಾಡುತ್ತಾರೆ ಎಂದು ಪಿವಟ್ ಹಾಕಿ ನೋಡಿದ್ದರು. ಅರ್ಧಕ್ಕಿಂತ ಹೆಚ್ಚಿನ ಕರೆಗಳು "ನಿಮ್ಮ ಹಣ ಮರಳಿಸಲಾಗಿದೆ" ಎಂಬ ಸಂದೇಶ ಹೋದ ಮೂರು ದಿನಗಳೊಳಗೆ ಬರುತ್ತಿದ್ದವು, ಹಣ ಖಾತೆಗೆ ಸೇರಲು ಅದಕ್ಕಿಂತ ಹೆಚ್ಚು ದಿನ ಹಿಡಿಯುತ್ತಿತ್ತು. ಆಗ ವಿಭಾಗಕ್ಕೆ ಇನ್ನಿಬ್ಬರನ್ನು ತೆಗೆದುಕೊಳ್ಳುವ ಮಾತು ನಡೆದಿತ್ತು. ಮುಖ್ಯಸ್ಥರು ಅದನ್ನು ಮುಂದಕ್ಕೆ ಹಾಕಿ, ಮೊದಲು ಸಂದೇಶದಲ್ಲಿ ಹಣ ತಲುಪುವ ದಿನಾಂಕ ಸೇರಿಸಿ ನೋಡೋಣ ಎಂದರು. ಎರಡನೇ ಸಲದ ಕರೆಗಳು ತಿಂಗಳಿಗೆ ಸುಮಾರು 300 ಇದ್ದದ್ದು 210ಕ್ಕೆ ಇಳಿದವು.

ಇದನ್ನು ರೆಸ್ಯೂಮೆಯಲ್ಲಿ ಹಾಕದಿರಲು ಕಾರಣ? "ಮೂರು ಸಾವಿರ ಸಾಲು, ಅದೂ ಎಕ್ಸೆಲ್."

ನಾನು ಕೊಟ್ಟ ಸಲಹೆ ಇದು. ಕರೆಗಳ ಕೆಲಸ ಮೊದಲು ಬರಲಿ. ಯಾರು ನಿರ್ಧರಿಸಿದರು, ಇವರ ಹಾಳೆ ಇಲ್ಲದಿದ್ದರೆ ಏನು ಮಾಡುತ್ತಿದ್ದರು, ಆಮೇಲೆ ಏನು ಬದಲಾಯಿತು, ಈ ಮೂರೂ ಒಂದೇ ಉಸಿರಿನಲ್ಲಿ ಇರಲಿ. 30% ಇಳಿಸಿದೆ ಎಂದು ಬರೆಯಲು ಅವರು ಆಸೆಪಟ್ಟರು, ನಾನು ಒಪ್ಪಲಿಲ್ಲ. ಅದೇ ತಿಂಗಳು ಕರೆ ಮಾಡಿದಾಗ ಕೇಳಿಸುವ ಆಯ್ಕೆಗಳ ಪಟ್ಟಿಯೂ ಬದಲಾಗಿತ್ತು. ಎಷ್ಟು ಪಾಲು ಸಂದೇಶದಿಂದ, ಎಷ್ಟು ಪಾಲು ಪಟ್ಟಿಯಿಂದ ಎಂದು ಬೇರ್ಪಡಿಸುವ ದಾರಿ ಈಗಿಲ್ಲ. 300ರಿಂದ 210ಕ್ಕೆ ಇಳಿಯಿತು, ಅದೇ ಹೊತ್ತಿಗೆ ಇನ್ನೊಂದು ಬದಲಾವಣೆಯೂ ಆಗಿತ್ತು ಎಂದು ಬರೆದರೆ ಸಾಕು. ಹಳೆಯ ಕಂಪನಿಯ ಅಂಕಿಗಳಾದ್ದರಿಂದ ಅಲ್ಲಿನ ಮುಖ್ಯಸ್ಥರ ಒಪ್ಪಿಗೆ ಕೇಳಲು, ಮೂಲ ಹಾಳೆಯನ್ನು ಎಲ್ಲೂ ಹಾಕದಿರಲು ಹೇಳಿದೆ. ತೋರಿಸಲೇಬೇಕಾದರೆ ಅದೇ ಕಾಲಂಗಳಿಗೆ ಕೃತಕ ಸಾಲು ತುಂಬಿ, ಇದು ಕೃತಕ ಎಂದು ಮೇಲೆಯೇ ಬರೆಯಬೇಕು.

ಈ ಸಲಹೆಗೆ ನನ್ನ ವೃತ್ತಿಯವರಲ್ಲೇ ವಿರೋಧವಿದೆ. ಅರ್ಜಿಗಳನ್ನು ಮೊದಲು ಸೋಸುವುದು ಸಾಫ್ಟ್‌ವೇರ್, ಅದಕ್ಕೆ ಬೇಕಾದದ್ದು ಟೂಲ್ ಹೆಸರು ಮತ್ತು ದೊಡ್ಡ ಅಂಕಿ, ನೀವು ಪಾಪದವರ ಅವಕಾಶ ಕಳೆಯುತ್ತಿದ್ದೀರಿ ಎಂದು ಒಬ್ಬ ಹಿರಿಯ ಸಹೋದ್ಯೋಗಿ ನನಗೆ ನೇರವಾಗಿ ಹೇಳಿದರು. ಟೂಲ್‌ಗಳ ಹೆಸರು ಕೌಶಲಗಳ ಪಟ್ಟಿಯಲ್ಲಿ ಇದ್ದೇ ಇರುತ್ತದೆ, ಸೋಸುವ ಸಾಫ್ಟ್‌ವೇರ್‌ಗೆ ಅಷ್ಟು ಸಿಕ್ಕರಾಯಿತು. ಆದರೆ ಜರಡಿ ದಾಟಿದ ಮೇಲೆ ಎದುರಿಗೆ ಕೂರುವುದು ಮನುಷ್ಯ, ಮತ್ತು ರೇಖಾ ಸೋತದ್ದು ಅಲ್ಲಿ, ಸೋಸುವಾಗ ಅಲ್ಲ. ಅವರ ತಡವರಿಕೆಗೆ ಮಾತಿನ ಅಭ್ಯಾಸ ಹೇಳಿಕೊಟ್ಟಿದ್ದರೆ, ಆಗದ ಕೆಲಸವನ್ನು ನಿರರ್ಗಳವಾಗಿ ಹೇಳಲು ಕಲಿಸಿದಂತಾಗುತ್ತಿತ್ತು. ಅದು ಆಪ್ತಸಲಹೆ ಎಂದು ನಾನು ಒಪ್ಪುವುದಿಲ್ಲ.

ಸಾರ್ವಜನಿಕ ಡೇಟಾದ ಯೋಜನೆಯನ್ನು ತೆಗೆದುಹಾಕಲು ಹೇಳಲಿಲ್ಲ. ರದ್ದತಿಗಳನ್ನು ಮೂಲ ಆದೇಶದ ಜೊತೆ ಹೊಂದಿಸಿ ತೆಗೆಯುವುದು, ಡೇಟಾ ಪೂರ್ತಿ ಇಲ್ಲದ ತಿಂಗಳನ್ನು ಗುರುತಿಸುವುದು, ಇವೇ ಈಗ ಅದರಲ್ಲಿ ತೋರಿಸುವಂಥ ಕೆಲಸ. "ಅಭ್ಯಾಸ ಯೋಜನೆ" ಎಂದು ಶೀರ್ಷಿಕೆಯಲ್ಲೇ ಹಾಕಿ, ಪ್ರಭಾವ ಬೀರಿದ ನಿರ್ಧಾರ ಎಂಬಲ್ಲಿ, ಈ ಫಲಿತಾಂಶ ಹಿಡಿದು ಯಾರು ಏನನ್ನು ನಿರ್ಧರಿಸಬಹುದು ಎಂದು ಬರೆಯಲು ಹೇಳಿದೆ. ಎರಡು ವಾರ ಬಿಟ್ಟು ಅವರು ಕಳಿಸಿದ ಕರಡಿನಲ್ಲಿ ಆ ಜಾಗದಲ್ಲಿ ಹೀಗಿತ್ತು: "ಮೂರು ತಿಂಗಳಿಂದ ಬಾರದ ಗ್ರಾಹಕರಿಗೆ ರಿಯಾಯಿತಿ ಕೊಡುವ ಮುನ್ನ, ಚೀಟಿ ಎತ್ತಿದಂತೆ ಅರ್ಧ ಜನರನ್ನು ಆರಿಸಿ ಅವರಿಗೆ ಮಾತ್ರ ಕಳಿಸಿ, ಉಳಿದರ್ಧದ ಜೊತೆ ಹೋಲಿಸಬೇಕು. ಈ ಡೇಟಾದಲ್ಲಿ ಯಾವ ರಿಯಾಯಿತಿಯನ್ನೂ ಪರೀಕ್ಷಿಸಿಲ್ಲ." ಸ್ಪಾರ್ಕ್ ಮಾತ್ರ ಕೌಶಲಗಳ ಪಟ್ಟಿಯಲ್ಲಿ ಇನ್ನೂ ಇತ್ತು. ಎಲ್ಲಿ ಬಳಸಿದಿರಿ ಎಂದು ಕೇಳಿದರೆ ಕೋರ್ಸಿನಲ್ಲಿ ಎಂದೇ ಹೇಳುತ್ತೇನೆ, ಅದನ್ನೊಂದು ಬಿಡಿ ಮೇಡಂ ಎಂದು ಕೆಳಗೆ ಬರೆದಿದ್ದರು. ಬಿಟ್ಟೆ.