ವಯಸ್ಸಿನಲ್ಲಿ ಚಿಕ್ಕ ಮ್ಯಾನೇಜರ್, ಜಿಎಸ್‌ಟಿ ತಾಳೆ ಮತ್ತು ನೀವು

"ನನಗೆ 46, ಹೊಸ ಅಕೌಂಟ್ಸ್ ಮ್ಯಾನೇಜರ್‌ಗೆ 29. ಅವರು ಹೇಳಿಕೊಡುವಾಗ ಒಳಗೊಳಗೇ ಉರಿಯುತ್ತೆ. ಏನು ಮಾಡಲಿ?"

ಸರ್, ಅವರಿಗೆ ನಿಮಗಿಂತ ಚೆನ್ನಾಗಿ ಬರುವ ಒಂದೇ ಒಂದು ಕೆಲಸ ಹಿಡಿಯಿರಿ. ಖರೀದಿ ಬಿಲ್ಲುಗಳ ತಾಳೆ ಇದಕ್ಕೆ ಸರಿಯಾಗಿದೆ. 14ನೇ ತಾರೀಖು ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಪ್ಲೈಯರ್‌ಗಳು ತೋರಿಸಿದ ಬಿಲ್ಲುಗಳ ಪಟ್ಟಿ, ಅಂದರೆ ಜಿಎಸ್‌ಟಿಆರ್-2ಬಿ ಬರುತ್ತದೆ, ತಿಂಗಳ ರಿಟರ್ನ್ ಹಾಕುವವರಿಗೆ 20ರೊಳಗೆ 3ಬಿ ಮುಗಿಯಬೇಕು. ನೀವು ಒಂದೊಂದೇ ಸಾಲು ನೋಡಿ ಟಿಕ್ ಹಾಕುತ್ತೀರಿ, ಅವರು ಎಕ್ಸೆಲ್‌ನ ಪವರ್ ಕ್ವೆರಿಯಲ್ಲಿ ಬೇಗ ಮುಗಿಸುತ್ತಾರೆ, ಅಲ್ವಾ?

"ಈ ಸಲ ನೀವು ಮಾಡಿ, ಪಕ್ಕದಲ್ಲಿ ಕೂತು ನೋಡ್ತೀನಿ" ಎಂದು ಕೇಳಿ. ಮುಂದಿನ ತಿಂಗಳು ನೀವೇ ಮಾಡಿ, ಹೊಂದದೆ ಉಳಿದ ಸಾಲುಗಳನ್ನಷ್ಟೇ ಅವರ ಮುಂದಿಡಿ. ನಿಜವಾಗಿ ಕಲಿಯುವುದು ಅಲ್ಲೇ. ನಿಮ್ಮ ಪುಸ್ತಕದಲ್ಲಿ 45, ಪೋರ್ಟಲ್‌ನಲ್ಲಿ INV/045. ಬಿಲ್ ಒಂದೇ ಆದರೂ ಹೊಂದುವುದಿಲ್ಲ.

ಇನ್ನು ಕೆಲವು ಬಿಲ್ಲು ಪೋರ್ಟಲ್‌ನಲ್ಲೇ ಇರುವುದಿಲ್ಲ. ಯಾವ ಸಪ್ಲೈಯರ್ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುತ್ತಾನೆ, ಯಾರಿಗೆ ಫೋನ್ ಮಾಡಿದರೆ ಕೆಲಸ ಆಗುತ್ತದೆ ಎಂಬುದು ನಿಮಗೇ ಗೊತ್ತು. ಅದನ್ನು ಅವರಿಗೆ ಹೇಳಿ. ಹೀಗೆ ಕೊಟ್ಟು ತೆಗೆದುಕೊಂಡರೆ ಉರಿ ತಾನಾಗಿ ಕಡಿಮೆಯಾಗುತ್ತದೆ.

ಎಲ್ಲರೆದುರು "ನೀವು" ಎಂದೇ ಮಾತಾಡಿಸಿ. ಒಪ್ಪಿಗೆ ಇಲ್ಲದ್ದನ್ನು ಮೀಟಿಂಗ್‌ಗೆ ಮೊದಲೇ ಅವರೊಬ್ಬರಿಗೇ ಹೇಳಿಬಿಡಿ. ಅವರು ಎಲ್ಲರೆದುರು ನಿಮ್ಮನ್ನು ಹೀಯಾಳಿಸಿದರೆ ಮಾತ್ರ ಸುಮ್ನೆ ಇರಬೇಡಿ, ಅದು ವಯಸ್ಸಿನ ವಿಷಯವಲ್ಲ.